ಗೂಗಲ್ ತೋರಿಸುವ ದರಕ್ಕೆ ಬ್ಯಾಂಕಿನಲ್ಲಿ ಡಾಲರ್ ಏಕೆ ಸಿಗುವುದಿಲ್ಲ

ನನ್ನ ಅಕ್ಕನ ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿದಾಗ ಮೊದಲ ಸೆಮಿಸ್ಟರಿನ ಶುಲ್ಕವಾಗಿ ಹತ್ತು ಸಾವಿರ ಡಾಲರ್ ಕಳುಹಿಸಬೇಕಾಗಿತ್ತು. ದಾವಣಗೆರೆಯಲ್ಲಿರುವ ಭಾವ ಬ್ಯಾಂಕಿಗೆ ಹೊರಡುವ ಮುನ್ನ ಮೊಬೈಲಿನಲ್ಲಿ USD to INR ಎಂದು ಹುಡುಕಿ, ಒಂದು ಡಾಲರಿಗೆ 90 ರೂಪಾಯಿ ಎಂದು ಕಂಡು, ಒಂಬತ್ತು ಲಕ್ಷ ರೂಪಾಯಿಯನ್ನು ಖಾತೆಯಲ್ಲಿ ಸಿದ್ಧಪಡಿಸಿಟ್ಟುಕೊಂಡಿದ್ದರು. ಶಾಖೆಯಲ್ಲಿ ಹೇಳಿದ ದರ 91 ರೂಪಾಯಿ 20 ಪೈಸೆ. ಶುಲ್ಕ, ತೆರಿಗೆಗಳು ಬೇರೆ. ಭಾವ ಮೊಬೈಲನ್ನು ಕೌಂಟರಿನ ಮೇಲಿಟ್ಟು ತೋರಿಸಿದರು. ಅಲ್ಲಿದ್ದ ಅಧಿಕಾರಿ "ಸರ್, ಗೂಗಲ್ ರೇಟ್ ಸರಿಯಿರೋದಿಲ್ಲ" ಎಂದರು. ಅಂದು ಸಂಜೆ ಭಾವ ನನಗೆ ಫೋನ್ ಮಾಡಿದಾಗ ಅವರ ಮನಸ್ಸಿನಲ್ಲಿದ್ದುದು ಒಂದೇ ಪ್ರಶ್ನೆ: ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಸುಳ್ಳು ಹೇಳುತ್ತಿರುವವರು ಯಾರೂ ಇರಲಿಲ್ಲ. ಆದರೆ ಇಬ್ಬರೂ ಹೇಳದೆ ಬಿಟ್ಟ ಸಂಗತಿಗಳಿದ್ದವು. ಅವನ್ನು ತಿಳಿಯದ ಕಾರಣಕ್ಕೇ ಭಾವ ಕೆಲವು ಸಾವಿರ ರೂಪಾಯಿಗಳನ್ನು ಅನಗತ್ಯವಾಗಿ ಕಳೆದುಕೊಂಡರು ಎಂಬುದು ನಾನು ಕೂತು ಲೆಕ್ಕ ಹಾಕಿದ ಮೇಲೆ ಸ್ಪಷ್ಟವಾಯಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಓದುವವರಿಗೆ ಅನುಕೂಲವಾಗಲೆಂದು ದರಗಳನ್ನು ದುಂಡು ಮಾಡಿದ್ದೇನೆ. ಇವತ್ತಿನ ದರ ಯಾವುದೇ ಇರಲಿ, ಲೆಕ್ಕದ ರೀತಿ ಇದೇ.

ಮೊದಲು ಆ 90 ರೂಪಾಯಿ ಎಂಬ ಅಂಕಿ ಏನೆಂಬುದನ್ನು ನೋಡೋಣ. ಡಾಲರಿನ ಸಗಟು ವ್ಯಾಪಾರ ನಡೆಯುವುದು ಬ್ಯಾಂಕು ಬ್ಯಾಂಕುಗಳ ನಡುವೆ. ಅಲ್ಲಿ ಒಂದು ವಹಿವಾಟೆಂದರೆ ಸಾಮಾನ್ಯವಾಗಿ ಹತ್ತು ಲಕ್ಷ ಡಾಲರ್ ಅಥವಾ ಅದರ ಗುಣಕ. ಆ ಮಾರುಕಟ್ಟೆಯ ಪರದೆಯ ಮೇಲೆ ಯಾವಾಗಲೂ ಎರಡು ದರಗಳಿರುತ್ತವೆ: ಕೊಳ್ಳಲು ಸಿದ್ಧರಿರುವವರು ಕೊಡುವ ದರ ಒಂದು, ಮಾರಲು ಸಿದ್ಧರಿರುವವರು ಕೇಳುವ ದರ ಇನ್ನೊಂದು. ಉದಾಹರಣೆಗೆ ಕೊಳ್ಳುವವರು 89.9950 ಎನ್ನುತ್ತಾರೆ, ಮಾರುವವರು 90.0050 ಎನ್ನುತ್ತಾರೆ. ಹುಡುಕಾಟದ ತಾಣಗಳು ಸಾಮಾನ್ಯವಾಗಿ ತೋರಿಸುವುದು ಈ ಎರಡನ್ನು ಕೂಡಿ ಅರ್ಧ ಮಾಡಿದ ಅಂಕಿಯನ್ನು. ಇದನ್ನು ನಡುದರ ಎನ್ನಬಹುದು. ಆ ದರಕ್ಕೆ ಸರಿಯಾಗಿ ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ. ಅದು ಡಾಲರಿನ ಮೌಲ್ಯ ಎಲ್ಲಿದೆ ಎಂದು ಸೂಚಿಸುವ ಗುರುತು ಮಾತ್ರ. ಗೂಗಲ್ ಕೂಡ ತನ್ನ ದರಗಳ ನಿಖರತೆಗೆ ತಾನು ಹೊಣೆಯಲ್ಲ, ವಹಿವಾಟಿಗೆ ಮುನ್ನ ದರವನ್ನು ಖಚಿತಪಡಿಸಿಕೊಳ್ಳಿ ಎಂಬ ಎಚ್ಚರಿಕೆಯನ್ನು ಕೊಡುತ್ತದೆ. ಅದನ್ನು ಓದುವವರು ಕಡಿಮೆ.

ನಮ್ಮ ಕಡೆಯವರಿಗೆ ಇದು ತೀರ ಹೊಸ ವಿಷಯವೇನಲ್ಲ. ಪತ್ರಿಕೆಯಲ್ಲಿ ಬರುವ ಅಡಿಕೆ ಧಾರಣೆಯಲ್ಲಿ ಕನಿಷ್ಠ, ಗರಿಷ್ಠದ ಜೊತೆಗೆ ಸರಾಸರಿಯನ್ನೂ ಕೊಡುತ್ತಾರೆ. ಆ ಸರಾಸರಿಯನ್ನು ಹಿಡಿದುಕೊಂಡು ಪೇಟೆಗೆ ಹೋಗಿ ಒಂದು ಕಿಲೋ ಅಡಿಕೆಯನ್ನು ಅದೇ ಬೆಲೆಗೆ ಕೊಡಿ ಎಂದು ಯಾರೂ ಕೇಳುವುದಿಲ್ಲ. ಮಂಡಿಯ ಸಗಟು ದರವೇ ಬೇರೆ, ಅಂಗಡಿಯ ಚಿಲ್ಲರೆ ದರವೇ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಡಾಲರಿನ ವಿಷಯದಲ್ಲಿ ಮಾತ್ರ ಸಗಟು ಮಾರುಕಟ್ಟೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಪರದೆಯ ಮೇಲಿನ ಒಂಟಿ ಅಂಕಿಯನ್ನೇ ಡಾಲರಿನ ಬೆಲೆ ಎಂದು ನಂಬುತ್ತೇವೆ.

ಇಲ್ಲಿ ಗಮನಿಸಬೇಕಾದುದೊಂದಿದೆ. ಸಗಟು ಮಾರುಕಟ್ಟೆಯ ಎರಡು ದರಗಳ ಅಂತರ ತೀರ ಸಣ್ಣದು. ಮೇಲಿನ ಉದಾಹರಣೆಯಲ್ಲಿ ಅದು ಒಂದು ಪೈಸೆ. ನಡುದರದಿಂದ ಮಾರುವ ದರಕ್ಕೆ ಇರುವ ದೂರ ಅರ್ಧ ಪೈಸೆ. ಭಾವನಿಗೆ ಕಂಡ ವ್ಯತ್ಯಾಸವಾದರೋ 120 ಪೈಸೆ. ಅಂದರೆ "ಗೂಗಲ್ ತೋರಿಸುವುದು ನಡುದರ, ಆದ್ದರಿಂದ ವ್ಯತ್ಯಾಸ" ಎಂಬ ವಿವರಣೆ ಸರಿಯಾದದ್ದೇ ಆದರೂ ಅದು ಅರ್ಧ ಪೈಸೆಗಷ್ಟೇ ಉತ್ತರ ಕೊಡುತ್ತದೆ. ಉಳಿದ 119.5 ಪೈಸೆ ಚಿಲ್ಲರೆಗೆ ಮಾರುವವರು ಸೇರಿಸಿದ್ದು.

ಸಮಯದ ವ್ಯತ್ಯಾಸವನ್ನೂ ಅನೇಕರು ಕಾರಣವಾಗಿ ಮುಂದಿಡುತ್ತಾರೆ, ಅದರಲ್ಲಿ ಸ್ವಲ್ಪ ಹುರುಳಿದೆ. ಭಾರತದಲ್ಲಿ ಬ್ಯಾಂಕುಗಳ ನಡುವಣ ಡಾಲರ್–ರೂಪಾಯಿ ಮಾರುಕಟ್ಟೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ ತೆರೆದಿರುತ್ತದೆ, ಶನಿವಾರ, ಭಾನುವಾರ ಮುಚ್ಚಿರುತ್ತದೆ. ಸಂಜೆಯ ಹೊತ್ತು ಸಿಂಗಪುರ, ಲಂಡನ್, ನ್ಯೂಯಾರ್ಕ್‌ಗಳಲ್ಲಿ ರೂಪಾಯಿಯ ಮೇಲೆ ನಡೆಯುವ ಒಪ್ಪಂದಗಳಿಂದ ದರ ಅಲುಗಾಡುತ್ತದೆ, ಆದರೆ ದಾವಣಗೆರೆಯ ಶಾಖೆ ಆ ದರದಲ್ಲಿ ಡಾಲರ್ ಕೊಡಲಾರದು. ಭಾನುವಾರ ಮೊಬೈಲಿನಲ್ಲಿ ಕಾಣುವುದು ಬಹುಮಟ್ಟಿಗೆ ಶುಕ್ರವಾರ ನಿಂತುಹೋದ ಅಂಕಿ. ಸೋಮವಾರ ಬೆಳಿಗ್ಗೆ ಮಾರುಕಟ್ಟೆ ಇಪ್ಪತ್ತು ಪೈಸೆ ಮೇಲೆ ತೆರೆದುಕೊಂಡರೆ ಅದಕ್ಕೆ ಬ್ಯಾಂಕು ಹೊಣೆಯಲ್ಲ. ಆದುದರಿಂದ ಹೋಲಿಕೆ ಮಾಡುವುದಿದ್ದರೆ ಮಾರುಕಟ್ಟೆ ತೆರೆದಿರುವ ಹೊತ್ತಿನಲ್ಲಿ, ಬ್ಯಾಂಕು ದರ ಹೇಳಿದ ಆ ನಿಮಿಷದಲ್ಲೇ ಮಾಡಬೇಕು.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವುದು ಎರಡು ಕೆಲಸದ ದಿನಗಳ ನಂತರ ಹಣ ಕೈಬದಲಾಗುವ ಸ್ಪಾಟ್ ದರ. ನಿಮಗೆ ಬೇಕಾದುದು ಇಂದೇ ಕೊಡುವ ಡಾಲರ್. ಮುಂದಿನ ದಿನಾಂಕಕ್ಕೆ ಕೊಡುವ ಡಾಲರಿಗೆ ಇಂದೇ ಗೊತ್ತುಮಾಡುವ ಮುಂಗಡ ದರ ರೂಪಾಯಿಯಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಇಂದಿನ ಡಾಲರ್ ಸ್ಪಾಟ್‌ಗಿಂತ ಕೊಂಚ ಅಗ್ಗವೇ ಆಗಬೇಕು. ವರ್ಷಕ್ಕೆ ಶೇ 2ರಷ್ಟು ಮುಂಗಡ ವ್ಯತ್ಯಾಸವಿದೆ ಎಂದಿಟ್ಟುಕೊಂಡರೆ ಎರಡು ದಿನಕ್ಕೆ ಅದು ಸುಮಾರು ಒಂದು ಪೈಸೆ. ಹೀಗೆ ಈ ಕಾರಣ ಗ್ರಾಹಕನ ಕಡೆಗೇ ವಾಲುತ್ತದೆ, ಅದೂ ನಗಣ್ಯ ಪ್ರಮಾಣದಲ್ಲಿ.

ಪರದೆಯ ಅಂಕಿಯೇ ತಪ್ಪಿರುವ ಸಂದರ್ಭಗಳೂ ಇವೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಜನವರಿ 1ರಂದು, ಮಾರುಕಟ್ಟೆಗಳು ರಜೆಯಲ್ಲಿದ್ದಾಗ, ಪೋಲೆಂಡಿನ ಜ್ಲಾಟಿ ಭಾರಿ ಪ್ರಮಾಣದಲ್ಲಿ ಕುಸಿದಿದೆ ಎಂದು ಗೂಗಲ್ ತೋರಿಸಿತು. ಅಲ್ಲಿನ ಹಣಕಾಸು ಸಚಿವರು ಜನರಿಗೆ ಧೈರ್ಯ ಹೇಳಬೇಕಾಯಿತು. ಅದೇ ವರ್ಷ ಮಾರ್ಚ್ 15ರಂದು ಮಲೇಷ್ಯಾದ ರಿಂಗಿಟ್ ಡಾಲರಿಗೆ 4.98ಕ್ಕೆ ಇಳಿದಿದೆ ಎಂದು ಅದು ತೋರಿಸಿದಾಗ, ನಿಜವಾದ ದರ 4.70ರ ಆಸುಪಾಸಿನಲ್ಲಿತ್ತು, ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ನೆಗಾರಾ ಆ ಅಂಕಿ ತಪ್ಪೆಂದು ಪ್ರಕಟಣೆ ಹೊರಡಿಸಿತು. ಫೆಬ್ರವರಿಯಲ್ಲೂ ಹಾಗೆಯೇ ಆಗಿತ್ತು. ಹುಡುಕಾಟದ ತಾಣಕ್ಕೆ ತನ್ನದೇ ಆದ ಮಾರುಕಟ್ಟೆಯಿಲ್ಲ. ದತ್ತಾಂಶ ಮಾರುವ ಸಂಸ್ಥೆಗಳು ಕೊಟ್ಟದ್ದನ್ನು ಅದು ತೋರಿಸುತ್ತದೆ. ಅನುಮಾನ ಬಂದರೆ ಭಾರತದಲ್ಲಿ ಹೋಲಿಸಿ ನೋಡಲು ಒಂದು ಅಧಿಕೃತ ದರವಿದೆ. ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ ಕೆಲಸದ ದಿನಗಳಲ್ಲಿ, 11.30ರಿಂದ 12.30ರ ನಡುವಣ ಹದಿನೈದು ನಿಮಿಷಗಳಲ್ಲಿ ನಡೆದ ನಿಜವಾದ ವಹಿವಾಟುಗಳನ್ನು ಆಧರಿಸಿ ಡಾಲರಿನ ಉಲ್ಲೇಖ ದರವನ್ನು ಮಧ್ಯಾಹ್ನ ಪ್ರಕಟಿಸುತ್ತದೆ. 2018ರ ಜುಲೈಗೆ ಮುನ್ನ ಈ ಕೆಲಸವನ್ನು ರಿಸರ್ವ್ ಬ್ಯಾಂಕೇ ಮಾಡುತ್ತಿತ್ತು. ಅದೂ ಸಗಟಿನ ದರವೇ, ಅದೂ ನಿಮಗೆ ಸಿಗುವುದಿಲ್ಲ. ಆದರೆ ಅದು ಮೊಬೈಲಿನ ಅಂಕಿಯ ಹತ್ತಿರವಿದ್ದರೆ ಆ ಅಂಕಿಯನ್ನು ನಂಬಬಹುದು.

ಇನ್ನು ಆ 119.5 ಪೈಸೆಯ ವಿಚಾರ. ಬೆಳಿಗ್ಗೆ ಮಾರುಕಟ್ಟೆ ತೆರೆದು ದರ ಒಂದು ಹದಕ್ಕೆ ಬಂದ ಮೇಲೆ, ಬ್ಯಾಂಕಿನ ಕೇಂದ್ರ ಕಚೇರಿಯ ಟ್ರೆಷರಿ ವಿಭಾಗ ಆ ದಿನಕ್ಕೊಂದು ಪಟ್ಟಿಯನ್ನು ತಯಾರಿಸಿ ಎಲ್ಲ ಶಾಖೆಗಳಿಗೆ ಕಳುಹಿಸುತ್ತದೆ. ಇದಕ್ಕೆ ಕಾರ್ಡ್ ರೇಟ್ ಎನ್ನುತ್ತಾರೆ. ಪಟ್ಟಿಯಲ್ಲಿ ಒಂದೊಂದು ಕರೆನ್ಸಿಯ ಎದುರಿಗೂ ಹಲವು ಅಂಕಣಗಳಿರುತ್ತವೆ. ನೀವು ಖಾತೆಯಿಂದ ಹೊರದೇಶಕ್ಕೆ ಹಣ ಕಳುಹಿಸುವಾಗ ಅನ್ವಯಿಸುವುದು ಟಿಟಿ ಸೆಲ್ಲಿಂಗ್. ಹೊರದೇಶದಿಂದ ನಿಮ್ಮ ಖಾತೆಗೆ ಹಣ ಬಂದಾಗ ಟಿಟಿ ಬೈಯಿಂಗ್. ರಫ್ತು, ಆಮದುದಾರರ ಬಿಲ್ಲುಗಳಿಗೆ ಬೇರೆ ಎರಡು ಅಂಕಣ, ಟ್ರಾವೆಲ್ ಕಾರ್ಡಿಗೆ ಎರಡು, ನೋಟುಗಳಿಗೆ ಎರಡು. ಹೆಸರುಗಳೆಲ್ಲ ಬ್ಯಾಂಕಿನ ಕಡೆಯಿಂದ ನೋಡಿ ಇಟ್ಟವು: ಸೆಲ್ಲಿಂಗ್ ಎಂದರೆ ಬ್ಯಾಂಕು ಮಾರುವುದು, ಅಂದರೆ ನೀವು ಕೊಳ್ಳುವುದು. ಇದನ್ನು ತಿರುವುಮುರುವಾಗಿ ಓದಿಕೊಂಡು ಮೋಸಹೋದೆನೆಂದು ದೂರುವವರನ್ನು ನಾನು ಕಂಡಿದ್ದೇನೆ. ನಡುದರದಿಂದ ಹೆಚ್ಚು ಹತ್ತಿರವಿರುವುದು ಟಿಟಿ ಅಂಕಣಗಳು, ಎಲ್ಲಕ್ಕಿಂತ ದೂರವಿರುವುದು ನೋಟಿನ ಅಂಕಣಗಳು.

ಪಟ್ಟಿಯ ದರ ನಡುದರಕ್ಕಿಂತ ಅಷ್ಟು ದೂರವಿರಲು ಒಂದು ನ್ಯಾಯವಾದ ಕಾರಣವಿದೆ. ಬೆಳಿಗ್ಗೆ ಪ್ರಕಟಿಸಿದ ದರವನ್ನು ಬ್ಯಾಂಕು ಸಂಜೆಯವರೆಗೂ ಪಾಲಿಸಬೇಕು ಎಂದಾದರೆ, ಅಷ್ಟರಲ್ಲಿ ಡಾಲರ್ ಮೂವತ್ತು ಪೈಸೆ ಏರಿದರೆ ನಷ್ಟ ಅದರದ್ದು. ಅಲ್ಲದೆ ಐದುನೂರು, ಎರಡು ಸಾವಿರ ಡಾಲರಿನಂಥ ಸಣ್ಣ ಮೊತ್ತಗಳಿಗಾಗಿ ಪ್ರತಿಸಲ ಮಾರುಕಟ್ಟೆಗೆ ಹೋಗಲಾಗದು. ಅವನ್ನು ಒಟ್ಟುಗೂಡಿಸಿಕೊಂಡು ಕೊಳ್ಳುವವರೆಗೆ ಅಪಾಯವನ್ನು ತಾನೇ ಹೊರಬೇಕು. ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ತನ್ನ ಡಾಲರ್ ಖಾತೆಯನ್ನು ಇಟ್ಟುಕೊಳ್ಳಬೇಕು, ಕಾಗದಪತ್ರ ಪರಿಶೀಲಿಸುವ ಸಿಬ್ಬಂದಿ ಬೇಕು. ಇದಕ್ಕೆಲ್ಲ ಬೆಲೆಯಿದೆ. ಆದರೆ ಈ ಕಾರಣಗಳಿಂದ ಮೂವತ್ತು, ನಲವತ್ತು ಪೈಸೆಯನ್ನು ಸಮರ್ಥಿಸಬಹುದೇ ಹೊರತು ನೂರಿಪ್ಪತ್ತನ್ನಲ್ಲ. ಮಿಕ್ಕಿದ್ದು ಶುದ್ಧ ಲಾಭ. ಒಂದೇ ದಿನ, ಒಂದೇ ಊರಿನ ಬೇರೆ ಬೇರೆ ಬ್ಯಾಂಕುಗಳ ಟಿಟಿ ಸೆಲ್ಲಿಂಗ್ ದರಗಳನ್ನು ಕೇಳಿ ನೋಡಿದರೆ ಇದು ತಾನಾಗಿಯೇ ತಿಳಿಯುತ್ತದೆ: ಸಗಟು ದರ ಎಲ್ಲರಿಗೂ ಒಂದೇ ಆಗಿದ್ದೂ ಚಿಲ್ಲರೆ ದರಗಳು ಐವತ್ತು ಪೈಸೆಯಿಂದ ಒಂದು ರೂಪಾಯಿಯವರೆಗೆ ಬೇರೆಯಾಗಿರುವುದುಂಟು.

ಭಾವನ ಖಾತೆಯಿಂದ ಹೋದ ಹಣದ ಲೆಕ್ಕವನ್ನು ಈಗ ಬಿಡಿಸೋಣ. ಹತ್ತು ಸಾವಿರ ಡಾಲರಿಗೆ 91.20ರಂತೆ 9,12,000 ರೂಪಾಯಿ. ರವಾನೆಯ ಶುಲ್ಕ 1,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 180. ಇದಲ್ಲದೆ ಕರೆನ್ಸಿ ವಿನಿಮಯದ ಮೇಲೂ ಜಿಎಸ್‌ಟಿ ಇದೆ. ಅದನ್ನು ಇಡೀ ಮೊತ್ತದ ಮೇಲೆ ಹಾಕುವುದಿಲ್ಲ. ನಿಯಮದ ಪ್ರಕಾರ ಸೇವೆಯ ಮೌಲ್ಯವೊಂದನ್ನು ಕಲ್ಪಿಸಿಕೊಂಡು ಅದರ ಮೇಲೆ ಶೇ 18 ಹಾಕುತ್ತಾರೆ. ಒಂದು ಲಕ್ಷ ರೂಪಾಯಿವರೆಗೆ ಆ ಮೌಲ್ಯ ಮೊತ್ತದ ಶೇ 1, ಕನಿಷ್ಠ 250 ರೂಪಾಯಿ. ಒಂದರಿಂದ ಹತ್ತು ಲಕ್ಷದವರೆಗೆ 1,000 ರೂಪಾಯಿಯ ಜೊತೆಗೆ ಒಂದು ಲಕ್ಷ ಮೀರಿದ ಭಾಗದ ಶೇ 0.5. ಭಾವನ ಲೆಕ್ಕದಲ್ಲಿ ಅದು 1,000 ಮತ್ತು 8,12,000ದ ಶೇ 0.5 ಆದ 4,060 ಸೇರಿ 5,060 ರೂಪಾಯಿ. ಅದರ ಶೇ 18 ಎಂದರೆ 910 ರೂಪಾಯಿ 80 ಪೈಸೆ. ಎಲ್ಲ ಕೂಡಿದಾಗ ಖಾತೆಯಿಂದ ಹೋದದ್ದು 9,14,090 ರೂಪಾಯಿ 80 ಪೈಸೆ.

ಮೊಬೈಲಿನ ಲೆಕ್ಕಕ್ಕಿಂತ ಹೆಚ್ಚಾಗಿ ಹೋದದ್ದು 14,090 ರೂಪಾಯಿ. ಅದರಲ್ಲಿ ಶುಲ್ಕ ಮತ್ತು ಎರಡು ಬಗೆಯ ಜಿಎಸ್‌ಟಿ ಸೇರಿ ಎರಡು ಸಾವಿರದ ಒಂದು ನೂರಕ್ಕಿಂತ ಕಡಿಮೆ. ಉಳಿದ 12,000 ರೂಪಾಯಿ ದರದೊಳಗೇ ಅಡಗಿತ್ತು. ರಸೀದಿಯಲ್ಲಿ ಶುಲ್ಕಕ್ಕೊಂದು ಸಾಲು, ಜಿಎಸ್‌ಟಿಗೊಂದು ಸಾಲು ಇದ್ದವು. ಹನ್ನೆರಡು ಸಾವಿರಕ್ಕೆ ಸಾಲೇ ಇರಲಿಲ್ಲ. ಭಾವ ಕೌಂಟರಿನಲ್ಲಿ ವಾದ ಮಾಡಿದ್ದು ಸಾವಿರ ರೂಪಾಯಿಯ ರವಾನೆ ಶುಲ್ಕವನ್ನು ಬಿಡಿ ಎಂದು. ಅಧಿಕಾರಿ ಸಂತೋಷದಿಂದಲೇ ಅರ್ಧ ಬಿಡುವುದಾಗಿ ಹೇಳಿದ್ದರಂತೆ. ಇಡೀ ವಿಷಯದಲ್ಲಿ ನನಗೆ ನೋವಾಗುವುದು ಇಲ್ಲಿಯೇ: ಕಾಣುವ ಸಣ್ಣ ಮೊತ್ತಕ್ಕಾಗಿ ಮನುಷ್ಯ ಶ್ರಮಪಟ್ಟು ಚರ್ಚೆ ಮಾಡುತ್ತಾನೆ, ಹೆಸರಿಲ್ಲದ ದೊಡ್ಡ ಮೊತ್ತ ಸದ್ದಿಲ್ಲದೆ ದಾಟಿಹೋಗುತ್ತದೆ.

ಟಿಸಿಎಸ್, ಅಂದರೆ ಹಣ ಕಳುಹಿಸುವಾಗಲೇ ಬ್ಯಾಂಕು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆಯ ಬಗ್ಗೆ ಒಂದು ಮಾತು, ಏಕೆಂದರೆ ಅದನ್ನೂ ದರದ ವ್ಯತ್ಯಾಸದೊಂದಿಗೆ ಕಲಸಿಬಿಡುತ್ತಾರೆ. 2025ರ ಏಪ್ರಿಲ್‌ನಿಂದ, ಒಂದು ಹಣಕಾಸು ವರ್ಷದಲ್ಲಿ ಒಬ್ಬರು ಹೊರದೇಶಕ್ಕೆ ಕಳುಹಿಸಿದ ಮೊತ್ತ ಹತ್ತು ಲಕ್ಷ ರೂಪಾಯಿಯನ್ನು ದಾಟಿದ ಮೇಲೆ, ದಾಟಿದ ಭಾಗಕ್ಕೆ ಮಾತ್ರ ಇದು ಅನ್ವಯಿಸುತ್ತದೆ. ಇದು ಬ್ಯಾಂಕಿಗೆ ಸೇರುವ ಹಣವಲ್ಲ. ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗಿ, ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ಭಾವನ ಮೊದಲ ರವಾನೆಗೆ ಅದು ತಾಗಲಿಲ್ಲ.

ಹಣ ಅಮೆರಿಕ ತಲುಪಿದ ಮೇಲೆ ಇನ್ನೊಂದು ತೊಡಕು ಕಾಣಿಸಿತು. ವಿಶ್ವವಿದ್ಯಾಲಯಕ್ಕೆ ಸೇರಿದ್ದು 9,975 ಡಾಲರ್. ನಡುವೆ ಹಣವನ್ನು ದಾಟಿಸಿದ ಬ್ಯಾಂಕು ತನ್ನ ಶುಲ್ಕವಾಗಿ 25 ಡಾಲರ್ ಮುರಿದುಕೊಂಡಿತ್ತು. ರವಾನೆಯ ಅರ್ಜಿಯಲ್ಲಿ ವಿದೇಶಿ ಬ್ಯಾಂಕಿನ ಶುಲ್ಕವನ್ನು ಯಾರು ಭರಿಸುತ್ತಾರೆ ಎಂಬ ಆಯ್ಕೆಯಿರುತ್ತದೆ: OUR ಎಂದರೆ ಕಳುಹಿಸುವವರು, BEN ಎಂದರೆ ಪಡೆಯುವವರು, SHA ಎಂದರೆ ಹಂಚಿಕೊಳ್ಳುವುದು. ಭಾವ ಅದನ್ನು ಗಮನಿಸದೆ ಸಹಿ ಹಾಕಿದ್ದರು, ಶಾಖೆಯಲ್ಲಿ SHA ಎಂದು ತುಂಬಿದ್ದರು. ಶುಲ್ಕ ಕಟ್ಟುವವರು OUR ಎಂದೇ ಬರೆಯಬೇಕು. ಇಲ್ಲದಿದ್ದರೆ ಇಪ್ಪತ್ತೈದು ಡಾಲರಿನ ಬಾಕಿಗಾಗಿ ಮತ್ತೊಂದು ರವಾನೆ, ಮತ್ತೊಮ್ಮೆ ಸಾವಿರ ರೂಪಾಯಿ ಶುಲ್ಕ.

ಎರಡನೆಯ ಸೆಮಿಸ್ಟರಿನ ಹೊತ್ತಿಗೆ ನಾವು ಕ್ರಮ ಬದಲಿಸಿದೆವು. ಪಟ್ಟಿಯ ದರವೆಂಬುದು ಕೇಳದವರಿಗೆ ಕೊಡುವ ದರ. ಐದಾರು ಸಾವಿರ ಡಾಲರಿಗಿಂತ ಹೆಚ್ಚಿನ ಮೊತ್ತವಾದರೆ, ಅನೇಕ ಬ್ಯಾಂಕುಗಳಲ್ಲಿ ಶಾಖೆಯವರು ಟ್ರೆಷರಿಯ ಡೀಲರನ್ನು ಸಂಪರ್ಕಿಸಿ ಆ ಹೊತ್ತಿನ ಮಾರುಕಟ್ಟೆಗೆ ಹತ್ತಿರವಾದ ದರವನ್ನು ತರಿಸಿಕೊಡಬಲ್ಲರು. ಇದನ್ನು ಡೀಲ್ ರೇಟ್ ಅಥವಾ ವಿಶೇಷ ದರ ಎನ್ನುತ್ತಾರೆ. ಕೇಳುವ ರೀತಿ ಮುಖ್ಯ. "ಸ್ವಲ್ಪ ಕಡಿಮೆ ಮಾಡಿ" ಎಂದರೆ ಐದು ಪೈಸೆ ಕಡಿಮೆಯಾಗುತ್ತದೆ. "ಈಗ ಅಂತರಬ್ಯಾಂಕ್ ದರ ಎಷ್ಟಿದೆ, ಅದರ ಮೇಲೆ ನಿಮ್ಮ ಮಾರ್ಜಿನ್ ಎಷ್ಟು ಪೈಸೆ" ಎಂದು ಕೇಳಿದರೆ ಮಾತು ಸರಿಯಾದ ಜಾಗಕ್ಕೆ ಬರುತ್ತದೆ, ಏಕೆಂದರೆ ಡೀಲರ್ ಲೆಕ್ಕ ಹಾಕುವುದೂ ಹಾಗೆಯೇ. ಹೊರದೇಶಕ್ಕೆ ಹಣ ಕಳುಹಿಸಲು ತುಂಬುವ ಎ2 ಫಾರಂ, ಪಾನ್ ಕಾರ್ಡ್, ವಿಶ್ವವಿದ್ಯಾಲಯದ ಬೇಡಿಕೆ ಪತ್ರ ಎಲ್ಲವೂ ಸಿದ್ಧವಿದ್ದು, ಖಾತೆಯಲ್ಲಿ ಹಣವಿದ್ದು, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಹೋಗಬೇಕು. ಡೀಲರ್ ಕೊಟ್ಟ ದರ ಕೆಲವೇ ನಿಮಿಷ ನಿಲ್ಲುತ್ತದೆ. ಒಪ್ಪಿಗೆಯನ್ನು ಅಲ್ಲಿಯೇ ಹೇಳಬೇಕು.

ಆ ಸಲ ನಡುದರದ ಮೇಲೆ 45 ಪೈಸೆಗೆ ಒಪ್ಪಿದರು. ಮೊದಲಿನ ಉದಾಹರಣೆಯ ನಡುದರವನ್ನೇ ಇಟ್ಟುಕೊಂಡು ಹೋಲಿಸಿದರೆ, 90.45ರಂತೆ 9,04,500 ರೂಪಾಯಿ. ಶುಲ್ಕ ಮತ್ತು ಜಿಎಸ್‌ಟಿಗಳು ಸೇರಿ ಒಟ್ಟು 9,06,584. ಅದೇ ಬ್ಯಾಂಕು, ಅದೇ ಶಾಖೆ, ಅದೇ ಮೊತ್ತ. ಉಳಿದದ್ದು ಏಳೂವರೆ ಸಾವಿರ ರೂಪಾಯಿ. ನಡುದರವಂತೂ ಸಿಗಲಿಲ್ಲ, ಸಿಗುವುದೂ ಇಲ್ಲ. ಶೇ 1.33ರಷ್ಟಿದ್ದ ಅಂತರ ಶೇ 0.5ಕ್ಕೆ ಇಳಿಯಿತು. ದೊಡ್ಡ ಮೊತ್ತದ ರವಾನೆಯಲ್ಲಿ ನಾನು ಒಪ್ಪಬಹುದಾದ ಗಡಿ ಎಂದು ಇಟ್ಟುಕೊಂಡಿರುವುದು ಇದನ್ನೇ: ಶೇ 0.5ರ ಆಸುಪಾಸು ನ್ಯಾಯ, ಶೇ 1 ದಾಟಿದರೆ ಬೇರೆ ಬ್ಯಾಂಕಿನ ದರ ಕೇಳುವ ಹೊತ್ತು.

ಈ ಮಾರ್ಜಿನ್ನನ್ನು ದರದಿಂದ ಹೊರಗೆಳೆದು ಕಾಣುವಂತೆ ಮಾಡುವ ವ್ಯವಸ್ಥೆಯೂ ನಮ್ಮಲ್ಲಿದೆ. ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ 2019ರ ಆಗಸ್ಟ್‌ನಲ್ಲಿ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆಯನ್ನು ಆರಂಭಿಸಿತು. ಗ್ರಾಹಕರು ಅದರಲ್ಲಿ ನೋಂದಾಯಿಸಿಕೊಂಡು, ತಮ್ಮ ಬ್ಯಾಂಕಿನ ಒಪ್ಪಿಗೆ ಪಡೆದರೆ, ಡಾಲರ್–ರೂಪಾಯಿ ದರವನ್ನು ತಾವೇ ನೋಡಿ ಆರ್ಡರ್ ಹಾಕಬಹುದು. ಹಣದ ವಿಲೇವಾರಿ ಅವರ ಬ್ಯಾಂಕಿನ ಮೂಲಕವೇ ನಡೆಯುತ್ತದೆ. ಬ್ಯಾಂಕು ತನ್ನ ಶುಲ್ಕ ಇಷ್ಟೆಂದು ಮೊದಲೇ ಹೇಳಿರಬೇಕು, ಅದು ದರದಲ್ಲಿ ಬೆರೆಯುವುದಿಲ್ಲ. 2025ರಲ್ಲಿ ಇದನ್ನು ಬಿಲ್ ಪಾವತಿಯ ಭಾರತ್ ಕನೆಕ್ಟ್ ಜೊತೆಗೆ ಜೋಡಿಸುವ ಕೆಲಸವೂ ಆರಂಭವಾಗಿದೆ. ಶಾಖೆಗಳಲ್ಲಿ ಇದರ ಹೆಸರನ್ನು ತಾವಾಗಿ ಹೇಳುವವರನ್ನು ನಾನು ಕಂಡಿಲ್ಲ. ಗ್ರಾಹಕನೇ ಕೇಳಬೇಕು. ಡಾಲರ್ ಬಿಟ್ಟು ಪೌಂಡ್, ಯೂರೋ ಬೇಕಾದವರಿಗೆ ಇದು ಒದಗುವುದಿಲ್ಲ ಎಂಬ ಮಿತಿಯೂ ಇದೆ.

ಮೊತ್ತ ಸಣ್ಣದಾದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅರ್ಜಿ ಶುಲ್ಕಕ್ಕೆಂದು ಬರೇ 500 ಡಾಲರ್ ಕಳುಹಿಸುವುದಾದರೆ, 91.20ರ ದರದಲ್ಲಿ ದರದೊಳಗಿನ ಮಾರ್ಜಿನ್ 600 ರೂಪಾಯಿ. ರವಾನೆ ಶುಲ್ಕವೇ ಜಿಎಸ್‌ಟಿ ಸೇರಿ 1,180. ವಿನಿಮಯದ ಜಿಎಸ್‌ಟಿ 82. ಒಟ್ಟು ಅಂತರ ಶೇ 4ಕ್ಕಿಂತ ಹೆಚ್ಚು. ಇಲ್ಲಿ ದರದ ಬಗ್ಗೆ ಚೌಕಾಸಿ ಮಾಡಿ ಫಲವಿಲ್ಲ, ಡೀಲರ್ ಫೋನ್ ಎತ್ತುವುದೂ ಇಲ್ಲ. ಕಡಿಮೆ ನಿಗದಿ ಶುಲ್ಕ ಇರುವ ದಾರಿಯನ್ನು ಹುಡುಕಬೇಕು, ಅಥವಾ ಎರಡು ಮೂರು ಸಣ್ಣ ರವಾನೆಗಳನ್ನು ಒಟ್ಟುಗೂಡಿಸಿ ಒಂದೇ ಸಲ ಕಳುಹಿಸಬೇಕು.

ನೋಟುಗಳದು ಬೇರೆಯೇ ಲೋಕ. ಖಾತೆಯಿಂದ ಹೋಗುವ ಡಾಲರ್ ನ್ಯೂಯಾರ್ಕಿನ ಲೆಕ್ಕದ ಪುಸ್ತಕದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಬರೆದುಕೊಳ್ಳುವ ಅಂಕಿಯಷ್ಟೆ. ಮನಿ ಚೇಂಜರ್ ಕೊಡುವ ನೋಟು ವಿಮಾನದಲ್ಲಿ ಬಂದ ಕಾಗದ. ಅದಕ್ಕೆ ಸಾಗಣೆ ಬೇಕು, ವಿಮೆ ಬೇಕು, ಖೋಟಾ ನೋಟಿನ ಪರೀಕ್ಷೆ ಬೇಕು. ಮಾರಾಟವಾಗುವವರೆಗೆ ಬಡ್ಡಿಯಿಲ್ಲದೆ ತಿಜೋರಿಯಲ್ಲಿ ಕೂರುತ್ತದೆ. ಆದ್ದರಿಂದ ಡಾಲರ್ ನೋಟಿನ ದರ ಟಿಟಿ ದರಕ್ಕಿಂತ ಒಂದೆರಡು ರೂಪಾಯಿ ದುಬಾರಿಯಾಗಿರುವುದು ಆಶ್ಚರ್ಯವಲ್ಲ. ಹೆಚ್ಚು ಬಳಕೆಯಿಲ್ಲದ ಕರೆನ್ಸಿಗಳಲ್ಲಿ ಅಂತರ ಮತ್ತೂ ಹಿಗ್ಗುತ್ತದೆ. ರೂಪಾಯಿಗೂ ಥಾಯ್ ಬಾತ್‌ಗೂ ನೇರವಾದ ದೊಡ್ಡ ಮಾರುಕಟ್ಟೆಯಿಲ್ಲ. ರೂಪಾಯಿಯಿಂದ ಡಾಲರ್, ಡಾಲರಿನಿಂದ ಬಾತ್ ಎಂದು ಎರಡು ಹೆಜ್ಜೆಯಲ್ಲಿ ದರ ಕಟ್ಟುತ್ತಾರೆ, ಎರಡೂ ಕಡೆ ಅಂತರ ಸೇರುತ್ತದೆ. ಮೊಬೈಲಿನಲ್ಲಿ ಕಾಣುವ ರೂಪಾಯಿ–ಬಾತ್ ದರವಾದರೋ ಎರಡು ನಡುದರಗಳಿಂದ ಕಟ್ಟಿದ ಅಂಕಿ.

ವಿಮಾನ ನಿಲ್ದಾಣದ ಅಥವಾ ಪೇಟೆಯ ಕೌಂಟರಿನಲ್ಲಿ ಕಮಿಷನ್ ಇಲ್ಲ ಎಂಬ ಫಲಕ ಕಂಡಾಗ ಮೊಬೈಲ್ ತೆಗೆಯದೆಯೇ ಪರೀಕ್ಷಿಸುವ ಒಂದು ದಾರಿಯಿದೆ. ಮನಿ ಚೇಂಜರುಗಳು ಕೊಳ್ಳುವ ಮತ್ತು ಮಾರುವ ದರಗಳೆರಡನ್ನೂ ಕಾಣುವಂತೆ ಹಾಕಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಎರಡನ್ನೂ ಓದಿಕೊಳ್ಳಿ. ಬಾತ್‌ಗೆ ಕೊಳ್ಳುವ ದರ 2.45, ಮಾರುವ ದರ 2.95 ಎಂದಿದ್ದರೆ ನಡುವಿನದು 2.70, ನೀವು ಅದಕ್ಕಿಂತ 25 ಪೈಸೆ ಹೆಚ್ಚು ಕೊಡುತ್ತಿದ್ದೀರಿ, ಅಂದರೆ ಶೇ 9ಕ್ಕೂ ಮೇಲೆ. ಕಮಿಷನ್ ಇಲ್ಲ ಎಂಬ ಮಾತು ಅಕ್ಷರಶಃ ನಿಜವೇ, ಏಕೆಂದರೆ ಅದನ್ನು ದರದಲ್ಲೇ ತೆಗೆದುಕೊಂಡಾಗಿದೆ. ಪ್ರವಾಸದಿಂದ ಮರಳಿ ಉಳಿದ ಬಾತ್‌ಗಳನ್ನು ಅಲ್ಲಿಯೇ ಮಾರಿದರೆ ಇನ್ನೊಂದು ಶೇ 9 ಹೋಗುತ್ತದೆ. ಹತ್ತು ಸಾವಿರ ಬಾತ್ ಕೊಂಡು ಖರ್ಚು ಮಾಡದೆ ಮರಳಿಸಿದವರು 29,500 ಕೊಟ್ಟು 24,500 ಪಡೆಯುತ್ತಾರೆ. ಎರಡು ದರಗಳಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಹೇಳಲು ಹಿಂಜರಿಯುವ ಕೌಂಟರಿನಲ್ಲಿ ವ್ಯವಹರಿಸದಿರುವುದೇ ಲೇಸು.

ಇದಕ್ಕೆ ತೀರ ಭಿನ್ನವಾದ ಚಿತ್ರ ಕೊಲ್ಲಿಯಲ್ಲಿ ದುಡಿಯುವ ನಮ್ಮ ಕರಾವಳಿಯವರದು. ದುಬೈಯಿಂದ ಮಂಗಳೂರಿಗೋ ಭಟ್ಕಳಕ್ಕೋ ಹಣ ಕಳುಹಿಸುವವರಿಗೆ ಅಲ್ಲಿನ ಎಕ್ಸ್‌ಚೇಂಜ್ ಹೌಸ್‌ಗಳು ಕೊಡುವ ದರ ನಡುದರಕ್ಕೆ ಬಹಳ ಹತ್ತಿರವಿರುತ್ತದೆ. ಅವು ರೂಪಾಯಿಯನ್ನು ದೊಡ್ಡ ಮೊತ್ತದಲ್ಲಿ ಕೊಳ್ಳುತ್ತವೆ, ರಿಸರ್ವ್ ಬ್ಯಾಂಕಿನ ರೂಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಎಂಬ ವ್ಯವಸ್ಥೆಯಡಿ ಭಾರತದ ಬ್ಯಾಂಕುಗಳಲ್ಲಿ ರೂಪಾಯಿ ಖಾತೆ ಇಟ್ಟುಕೊಂಡು ಅದರಿಂದ ನೇರ ಪಾವತಿ ಮಾಡಿಸುತ್ತವೆ, ಪಕ್ಕದ ಬೀದಿಯಲ್ಲೇ ಪೈಪೋಟಿ ಇರುತ್ತದೆ. ದಿರ್ಹಮ್ ದರವನ್ನು ಪರೀಕ್ಷಿಸುವುದೂ ಸುಲಭ, ಏಕೆಂದರೆ 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಅದು ಸ್ಥಿರವಾಗಿದೆ. ಡಾಲರ್ 90 ರೂಪಾಯಿ ಇದ್ದ ದಿನ ದಿರ್ಹಮ್‌ನ ನಡುದರ 90ನ್ನು 3.6725ರಿಂದ ಭಾಗಿಸಿದಾಗ ಬರುವ 24 ರೂಪಾಯಿ 51 ಪೈಸೆ. ಕೌಂಟರಿನಲ್ಲಿ 24.40 ಕೊಟ್ಟರೆ ಅಂತರ ಶೇ 0.45, 24.10 ಕೊಟ್ಟರೆ ಶೇ 1.7. ಸಾವಿರ ದಿರ್ಹಮ್ ಕಳುಹಿಸುವವರಿಗೆ ಇವೆರಡರ ನಡುವಿನ ವ್ಯತ್ಯಾಸ 300 ರೂಪಾಯಿ. ಪ್ರತಿ ತಿಂಗಳೂ ಕಳುಹಿಸುವವರಿಗೆ ವರ್ಷಕ್ಕೆ 3,600.

ಭಾವ ಈಗ ಬ್ಯಾಂಕಿಗೆ ಹೋಗುವಾಗ ಒಂದು ಚೀಟಿ ಒಯ್ಯುತ್ತಾರೆ. ದರ ಹೇಳಿದ ನಿಮಿಷದಲ್ಲಿ ಮೊಬೈಲಿನಲ್ಲಿ ಕಂಡ ಅಂಕಿ, ಅದರ ಕೆಳಗೆ ಬ್ಯಾಂಕು ಹೇಳಿದ ಅಂಕಿ, ಪಕ್ಕದಲ್ಲಿ ಎರಡರ ಅಂತರವನ್ನು ಹತ್ತು ಸಾವಿರದಿಂದ ಗುಣಿಸಿದ ರೂಪಾಯಿ. ರಸೀದಿಯಲ್ಲಿ ಇಲ್ಲದ ಆ ಸಾಲನ್ನು ಅವರು ತಾವೇ ಬರೆದುಕೊಂಡು, ಸಹಿ ಹಾಕುವ ಮುನ್ನ ಅಧಿಕಾರಿಗೆ ತೋರಿಸುತ್ತಾರೆ.